ಎದುರಿಗಿದ್ದೂ ಕಾಣದ ಕೀಟಗಳು: ನಾಲ್ಕು ಛಾಯಾಚಿತ್ರಗಳ ಓದು

(ನಿಸರ್ಗ ಛಾಯಾಗ್ರಹಣದ ಹವ್ಯಾಸಿಗಳ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಇವತ್ತಿನ ಮಾತಿಗೆ ನಾನು ನಾಲ್ಕೇ ಚಿತ್ರಗಳನ್ನು ಆರಿಸಿಕೊಂಡಿದ್ದೇನೆ. ಸೂರ್ಯನ ಕುದುರೆ, ಕಡ್ಡಿ ಕೀಟ, ಕ್ಯಾಟಿಡಿಡ್ ಎಂದು ಕರೆಯುವ ಎಲೆಮಿಡತೆ, ಎಲೆ ಕೀಟ, ಹೀಗೆ ಒಂದೊಂದಕ್ಕೆ ಒಂದು ಚಿತ್ರ. ಛದ್ಮವೇಷದ ಬಗ್ಗೆ ಮಾತನಾಡುವಾಗ ಒಂದರ ಹಿಂದೊಂದು ಹತ್ತಾರು ಚಿತ್ರಗಳನ್ನು ತೋರಿಸಿ, ಪ್ರತಿಯೊಂದರಲ್ಲೂ ‘ಕೀಟ ಎಲ್ಲಿದೆ ಹೇಳಿ’ ಎಂದು ಕೇಳುವುದು ವಾಡಿಕೆ. ಆಟವಾಗಿ ಅದು ಸೊಗಸಾಗಿಯೇ ಇರುತ್ತದೆ. ಆದರೆ ಕೀಟ ಸಿಕ್ಕಿದ ಕೂಡಲೇ ಆಟ ಮುಗಿದುಹೋಗುವುದರಿಂದ, ಅದು ಅಷ್ಟು ಹೊತ್ತು ಕಣ್ಣಿಗೆ ಬೀಳದೆ ಉಳಿದದ್ದು ಹೇಗೆ ಎಂಬ ವಿಚಾರಕ್ಕೆ ಯಾರೂ ಹೋಗುವುದಿಲ್ಲ. ನಾನು ಕೀಟ ಎಲ್ಲಿದೆ ಎಂಬುದನ್ನು ಮೊದಲೇ ತೋರಿಸಿಬಿಡುತ್ತೇನೆ.

ಚಿತ್ರಗಳಿಗೆ ಹೋಗುವ ಮುನ್ನ ಒಂದು ಭೇದವನ್ನು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಕೀಟವೊಂದು ಬೇಟೆಗಾರನಿಂದ ತಪ್ಪಿಸಿಕೊಳ್ಳಲು ಎರಡು ದಾರಿಗಳಿವೆ. ಒಂದು, ಹಿನ್ನೆಲೆಯಲ್ಲಿ ಕರಗಿಹೋಗುವುದು; ಇಲ್ಲಿ ನೋಡುವ ಕಣ್ಣಿಗೆ ಅಲ್ಲೊಂದು ವಸ್ತುವಿದೆ ಎಂಬುದೇ ತಿಳಿಯುವುದಿಲ್ಲ. ಇನ್ನೊಂದು, ಸೋಗು ಹಾಕುವುದು. ಇಲ್ಲಿ ಕಣ್ಣಿಗೆ ವಸ್ತು ಸ್ಪಷ್ಟವಾಗಿಯೇ ಕಾಣುತ್ತದೆ, ಆದರೆ ಅದನ್ನು ಕಡ್ಡಿಯೆಂದೋ ಎಲೆಯೆಂದೋ ತಿಳಿದು ಬೇಟೆಗಾರ ಮುಂದೆ ಹೋಗುತ್ತಾನೆ. ಮೊದಲನೆಯದರಲ್ಲಿ ಮೋಸಹೋಗುವುದು ಕಣ್ಣು, ಎರಡನೆಯದರಲ್ಲಿ ತಿಳಿವಳಿಕೆ. ಛಾಯಾಚಿತ್ರದಲ್ಲಿ ಇವೆರಡೂ ಒಂದೇ ಬಗೆಯಾಗಿ ತೋರುತ್ತವೆ. ಕಾಡಿನಲ್ಲಿ ಹಾಗಲ್ಲ.

ಈಗ ಮೊದಲ ಚಿತ್ರ. ಬೂದುಬಣ್ಣದ ಮರದ ಕಾಂಡ, ಅದರ ಮೇಲೆ ಅಲ್ಲಲ್ಲಿ ಕಲ್ಲುಹೂವಿನ ಮಚ್ಚೆಗಳು. ಚಿತ್ರದ ನಡುವಿನಿಂದ ತುಸು ಎಡಕ್ಕೆ, ತಲೆ ಕೆಳಗಾಗಿ ಕುಳಿತಿರುವುದು ತೊಗಟೆಯ ಸೂರ್ಯನ ಕುದುರೆ. ಇದು ಹಂಬರ್ಟಿಯೆಲ್ಲ ಎಂಬ ಕುಲಕ್ಕೆ ಸೇರಿದ್ದು. ಭಾರತ ಮತ್ತು ಶ್ರೀಲಂಕಾಗಳಲ್ಲಿ ಈ ಕುಲದ ಪ್ರಭೇದಗಳಿವೆ. ಸೂರ್ಯನ ಕುದುರೆ ಎಂದಾಗ ಹುಲ್ಲಿನ ಮೇಲೆ ಮುಂಗಾಲು ಮಡಿಸಿ ಎದೆಯೆತ್ತಿ ನಿಂತ ಹಸಿರು ಕೀಟವೇ ನಮಗೆ ನೆನಪಾಗುವುದರಿಂದ, ಕಾಂಡಕ್ಕೆ ಅಂಟಿಕೊಂಡಂತೆ ಚಪ್ಪಟೆಯಾಗಿರುವ ಇದನ್ನು ಅದೇ ಬಳಗದ್ದೆಂದು ನಂಬುವುದೇ ಕಷ್ಟ.

ಬಣ್ಣ ಹೊಂದಿಕೊಂಡಿದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಆದರೆ ಈ ಕೀಟವನ್ನು ನಿಜಕ್ಕೂ ಕಾಯುತ್ತಿರುವುದು ಅದರ ಚಪ್ಪಟೆತನ ಎಂದು ನನ್ನ ಅಭಿಪ್ರಾಯ. ಯಾವ ವಸ್ತುವನ್ನಾದರೂ ಅದರ ಹಿನ್ನೆಲೆಯಿಂದ ಬೇರ್ಪಡಿಸಿ ತೋರಿಸುವುದರಲ್ಲಿ ನೆರಳಿನ ಪಾತ್ರ ದೊಡ್ಡದು. ಉರುಟಾದ ಮೈಯಿದ್ದರೆ ಬೆಳಕು ಬೀಳುವ ಮೇಲ್ಭಾಗ ತಿಳಿಯಾಗಿ, ಕೆಳಭಾಗ ಕಪ್ಪಾಗಿ ಕಂಡು, ಬಣ್ಣ ಎಷ್ಟೇ ಹೊಂದಿದರೂ ಅದೊಂದು ಘನವಸ್ತುವೆಂದು ಕಣ್ಣು ಗುರುತಿಸುತ್ತದೆ. ಜೊತೆಗೆ, ಮೈಯ ಪಕ್ಕದಲ್ಲಿ ಕಾಂಡದ ಮೇಲೆ ಬೀಳುವ ನೆರಳು ಅಂಚನ್ನು ಗೆರೆ ಎಳೆದು ತೋರಿಸಿಕೊಡುತ್ತದೆ. ಮೈ ಚಪ್ಪಟೆಯಾಗಿ, ಕಾಲುಗಳು ಬದಿಗೆ ಹರಡಿ ತೊಗಟೆಗೆ ಒತ್ತಿಕೊಂಡಾಗ ಈ ಎರಡೂ ನೆರಳುಗಳು ಬಹುಮಟ್ಟಿಗೆ ಇಲ್ಲವಾಗುತ್ತವೆ. ಈ ಚಿತ್ರವನ್ನು ನಾನು ಕ್ಯಾಮೆರಾದ ಫ್ಲ್ಯಾಶಿನಿಂದ ನೇರವಾಗಿ ಬೆಳಕು ಕೊಟ್ಟು ತೆಗೆದಿದ್ದೆ. ಅದೇ ಕೀಟವನ್ನು ಬದಿಯಿಂದ ಬೆಳಕು ಬೀಳುವಂತೆ ತೆಗೆದ ಈ ಇನ್ನೊಂದು ಪ್ರತಿಯಲ್ಲಿ ನೋಡಿ: ಹೊಟ್ಟೆಯ ಅಂಚಿನಗುಂಟ ತೆಳ್ಳನೆಯ ನೆರಳಿನ ಗೆರೆಯೊಂದು ಮೂಡಿ, ಇಡೀ ಕೀಟ ತೊಗಟೆಯಿಂದ ಎದ್ದು ಬಂದಿದೆ. ಮೊದಲ ಚಿತ್ರದಲ್ಲಿ ಕೀಟವನ್ನು ಅಡಗಿಸುವ ಕೆಲಸದಲ್ಲಿ ನನ್ನ ಫ್ಲ್ಯಾಶಿಗೂ ಪಾಲಿತ್ತು.

ಬಣ್ಣಕ್ಕೆ ಬೆಲೆಯಿಲ್ಲವೆಂದು ಇದರರ್ಥವಲ್ಲ. ಹೊಂದುವ ಬಣ್ಣ ಜೀವ ಉಳಿಸುತ್ತದೆಯೇ ಎಂಬುದನ್ನು ಸೂರ್ಯನ ಕುದುರೆಯ ಮೇಲೆಯೇ ಪರೀಕ್ಷಿಸಿ ನೋಡಿದ ಹಳೆಯ ಪ್ರಯೋಗವೊಂದಿದೆ. ಯುರೋಪಿನ ಸೂರ್ಯನ ಕುದುರೆಯಲ್ಲಿ ಹಸಿರು, ಕಂದು ಎರಡೂ ಬಣ್ಣದವು ಸಿಗುತ್ತವೆ. ಡಿ ಚೆಸ್ನೋಲಾ ಎಂಬವರು ಇಟಲಿಯಲ್ಲಿ ಇವುಗಳನ್ನು ರೇಷ್ಮೆ ದಾರದಿಂದ ಗಿಡಗಳಿಗೆ ಕಟ್ಟಿ, ಯಾವುವು ಉಳಿಯುತ್ತವೆ ಎಂದು ನೋಡಿ 1904ರಲ್ಲಿ ಪ್ರಕಟಿಸಿದರು. ಹಸಿರು ಹುಲ್ಲಿಗೆ ಕಟ್ಟಿದ 20 ಹಸಿರು ಕೀಟಗಳೂ ಒಣಹುಲ್ಲಿಗೆ ಕಟ್ಟಿದ 20 ಕಂದು ಕೀಟಗಳೂ 17 ದಿನಗಳ ನಂತರ ಎಲ್ಲವೂ ಬದುಕಿದ್ದವು. ಒಣಹುಲ್ಲಿಗೆ ಕಟ್ಟಿದ 25 ಹಸಿರು ಕೀಟಗಳಲ್ಲಿ 11 ದಿನ ಕಳೆಯುವಷ್ಟರಲ್ಲಿ ಒಂದೂ ಉಳಿದಿರಲಿಲ್ಲ. ಹಸಿರು ಹುಲ್ಲಿಗೆ ಕಟ್ಟಿದ 45 ಕಂದು ಕೀಟಗಳಲ್ಲಿ 17 ದಿನಗಳ ಹೊತ್ತಿಗೆ ಉಳಿದವು ಹತ್ತೇ. ಕೊಂದವುಗಳಲ್ಲಿ ಹಕ್ಕಿಗಳೇ ಹೆಚ್ಚು. ಇಂದಿನ ಅಳತೆಗೋಲಿನಲ್ಲಿ ಇದು ಸಣ್ಣ ಪ್ರಯೋಗ, ದಾರದಿಂದ ಕಟ್ಟಿದ ಕೀಟ ತನ್ನ ಇಷ್ಟದ ಜಾಗಕ್ಕೆ ಸರಿಯಲಾರದು ಎಂಬ ಕೊರತೆಯೂ ಇದೆ. ಆದರೂ ಫಲಿತಾಂಶ ಎಷ್ಟು ನಿಚ್ಚಳವಾಗಿದೆಯೆಂದರೆ, ಆ ಕೊರತೆಯೇ ಒಂದು ವಿಷಯವನ್ನು ಹೇಳಿಕೊಡುತ್ತದೆ: ಬಣ್ಣದ ರಕ್ಷಣೆ ಕೀಟದ ಮೈಯಲ್ಲಷ್ಟೇ ಇಲ್ಲ, ಅದು ಎಲ್ಲಿ ಕೂರುತ್ತದೆ ಎಂಬುದರಲ್ಲಿಯೂ ಇದೆ. ಹಸಿರು ಸೂರ್ಯನ ಕುದುರೆ ಒಣಹುಲ್ಲಿನ ಮೇಲೆ ಕೂತರೆ ಅದರ ಹಸಿರು ಅದಕ್ಕೇ ಮುಳುವು.

ಸೂರ್ಯನ ಕುದುರೆಗೆ ಮರೆಯ ಪ್ರಯೋಜನ ಎರಡು ಕಡೆಯಿಂದ ಬರುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಇಂದಿನ ನಾಲ್ಕರಲ್ಲಿ ಬೇಟೆಯಾಡಿಯೇ ಬದುಕುವುದು ಇದೊಂದೇ. ತಿನ್ನಲು ಬರುವ ಹಕ್ಕಿಗೂ ಅದು ಕಾಣಬಾರದು, ತಾನು ತಿನ್ನಬೇಕಾದ ನೊಣಕ್ಕೂ ಕಾಣಬಾರದು. ಅದರ ಸ್ವಂತ ಕಣ್ಣಂತೂ ಸೋಜಿಗದ್ದು. ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಇದರ ಮುಖಕ್ಕೆ ಪುಟ್ಟ ಬಣ್ಣದ ಕನ್ನಡಕವನ್ನು ಜೇನುಮೇಣದಿಂದ ಅಂಟಿಸಿ, ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಪರೀಕ್ಷಿಸಿದ್ದಾರೆ. ಎರಡು ಕಣ್ಣುಗಳ ನೋಟವನ್ನು ಕೂಡಿಸಿ ದೂರವನ್ನು ಅಳೆಯುವ ಶಕ್ತಿ ಇದಕ್ಕೆ ನಮ್ಮಂತೆಯೇ ಇದೆ, ಆದರೆ ಬದಲಾಗುತ್ತಿರುವ, ಚಲಿಸುತ್ತಿರುವ ಭಾಗಗಳ ಮೇಲೆಯೇ ಆ ಲೆಕ್ಕ ನಡೆಯುತ್ತದೆ ಎಂದು 2018ರಲ್ಲಿ ಅವರು ತೋರಿಸಿದರು. ಅಲುಗಾಡದೆ ಕೂರುವ ಕೀಟಕ್ಕೆ ಇಂಥ ಕಣ್ಣಿನ ಎದುರು ಎಷ್ಟು ಅನುಕೂಲವೆಂದು ಊಹಿಸಬಹುದು. ಮುಂದಿನ ಚಿತ್ರದ ಕೀಟ ಅಂಥದ್ದು.

ಎರಡನೆಯ ಚಿತ್ರದಲ್ಲಿರುವುದು ಕಡ್ಡಿ ಕೀಟ. ಪ್ರಪಂಚದ ಪ್ರಯೋಗಾಲಯಗಳಲ್ಲಿ ಅತ್ಯಂತ ಹೆಚ್ಚು ಸಾಕಲಾದ ಕಡ್ಡಿ ಕೀಟ ನಮ್ಮ ದಕ್ಷಿಣ ಭಾರತದ್ದು. ಕರಾಸಿಯಸ್ ಮೊರೋಸಸ್ ಎಂಬ ಈ ಪ್ರಭೇದವನ್ನು ತಮಿಳುನಾಡಿನ ಕೊಡೈಕೆನಾಲ್ ಬೆಟ್ಟಗಳ ಶೆಂಬಗನೂರಿನಿಂದ ಸಂಗ್ರಹಿಸಿದ ಮಾದರಿಗಳ ಆಧಾರದ ಮೇಲೆ 1901ರಲ್ಲಿ ವಿವರಿಸಲಾಯಿತು. ಗಂಡಿನ ನೆರವಿಲ್ಲದೆಯೇ ಹೆಣ್ಣು ಮೊಟ್ಟೆಯಿಟ್ಟು ಮರಿ ಮಾಡಬಲ್ಲುದಾದ್ದರಿಂದಲೂ ಪೊದೆಗಳ ಸಾಮಾನ್ಯ ಎಲೆಗಳನ್ನು ತಿಂದು ಬದುಕುವುದರಿಂದಲೂ ಇದು ಯುರೋಪಿನ ಶಾಲೆಗಳ ಗಾಜಿನ ಪೆಟ್ಟಿಗೆಗಳವರೆಗೂ ಹೋಗಿ ತಲುಪಿತು. ಹೀಗಾಗಿ ಇದರ ಛದ್ಮವೇಷದ ಒಳಗುಟ್ಟುಗಳು ಬೇರೆ ಕಡ್ಡಿ ಕೀಟಗಳದ್ದಕ್ಕಿಂತ ಚೆನ್ನಾಗಿ ತಿಳಿದಿವೆ.

ಚಿತ್ರವನ್ನು ಹಿಗ್ಗಿಸಿ ತಲೆಯ ಭಾಗವನ್ನು ನೋಡೋಣ. ಕೀಟ ಮುಂಗಾಲುಗಳನ್ನು ತಲೆಯ ಮುಂದಕ್ಕೆ ನೇರವಾಗಿ ಚಾಚಿ, ಎರಡನ್ನೂ ಜೋಡಿಸಿ ಹಿಡಿದಿದೆ. ಆ ಕಾಲುಗಳ ತೊಡೆ ಬುಡದಲ್ಲಿ ಒಳಮುಖವಾಗಿ ಬಾಗಿದೆ. ಕಾಲು ಮುಂದೆ ಚಾಚಿದಾಗ ಆ ಬಾಗಿನಲ್ಲಿ ತಲೆ ಅಳತೆ ತೆಗೆದು ಮಾಡಿದಂತೆ ಕೂತುಕೊಳ್ಳುತ್ತದೆ. ಅಲ್ಲಿ ಬಾಗು ಇಲ್ಲದಿದ್ದರೆ ಉಬ್ಬಿದ ತಲೆಯ ಎರಡೂ ಬದಿಯಲ್ಲಿ ಕಾಲುಗಳು ಕವಲೊಡೆದು ಕಡ್ಡಿಯ ಸಾಲು ಮುರಿಯುತ್ತಿತ್ತು. ಈಗ ಕಣ್ಣು, ಮೀಸೆ, ಬಾಯಿ ಎಲ್ಲವೂ ಎರಡು ಕಾಲುಗಳ ನಡುವೆ ಮುಚ್ಚಿಹೋಗಿ, ಕಾಲಿನ ತುದಿಯಿಂದ ಹೊಟ್ಟೆಯ ತುದಿಯವರೆಗೆ ಒಂದೇ ಉದ್ದನೆಯ ಗೆರೆ ಉಂಟಾಗಿದೆ. ಪ್ರಾಣಿಯನ್ನು ಪ್ರಾಣಿಯೆಂದು ಗುರುತಿಸಲು ಮೊದಲು ಹುಡುಕುವುದು ತಲೆಯನ್ನೂ ಕಣ್ಣನ್ನೂ ಆದ್ದರಿಂದ ಮರೆಮಾಡಬೇಕಾದ ಮುಖ್ಯ ಅಂಗವೂ ಅದೇ.

ಇದರ ಬಣ್ಣವೂ ಸ್ಥಿರವಲ್ಲ. ಚರ್ಮದ ಜೀವಕೋಶಗಳಲ್ಲಿ ಹಲವು ವರ್ಣಕಣಗಳಿದ್ದು, ಹಸಿರು ಮತ್ತು ಹಳದಿ ಕಣಗಳು ಇದ್ದಲ್ಲೇ ಇರುತ್ತವೆ. ಕಂದು ಮತ್ತು ಕಿತ್ತಳೆಗೆಂಪು ಕಣಗಳು ಜೀವಕೋಶದೊಳಗೆ ಮೇಲೆ ಕೆಳಗೆ ಸರಿಯಬಲ್ಲವು. ರಾತ್ರಿ ಕಂದು ಕಣಗಳು ಮೇಲಕ್ಕೆ ಬಂದು ಹರಡಿಕೊಂಡಾಗ ಕೀಟ ಗಾಢವಾಗುತ್ತದೆ, ಹಗಲಲ್ಲಿ ಅವು ಒಳಸರಿದಾಗ ತಿಳಿಯಾಗುತ್ತದೆ. ಕಂದು ಕಣಗಳಿಲ್ಲದ ಶುದ್ಧ ಹಸಿರು ಕೀಟಗಳಿಗೆ ಈ ಬದಲಾವಣೆ ಸಾಧ್ಯವಿಲ್ಲ. ಆದ್ದರಿಂದ ಕಡ್ಡಿ ಕೀಟದ ಬಣ್ಣವನ್ನು ಬರೆದಿಡುವಾಗ ಚಿತ್ರ ತೆಗೆದ ಹೊತ್ತನ್ನೂ ಬರೆದಿಡಿ ಎಂದು ಎಳೆಯ ಛಾಯಾಗ್ರಾಹಕರಲ್ಲಿ ನನ್ನ ವಿನಂತಿ. ರಾತ್ರಿ ಟಾರ್ಚಿನಲ್ಲಿ ಕಂಡ ಗಾಢ ಕಂದು ಕೀಟವನ್ನೂ ಮಧ್ಯಾಹ್ನ ಕಂಡ ಮಾಸಲು ಕೀಟವನ್ನೂ ಎರಡು ಬೇರೆ ಪ್ರಭೇದಗಳೆಂದು ವಾದಿಸುವವರನ್ನು ನಾನು ಕೇಳಿದ್ದೇನೆ.

ಈಗ ಮೊದಲು ಹೇಳಿದ ಭೇದಕ್ಕೆ ಬರೋಣ. ಈ ಕೀಟ ಹಿನ್ನೆಲೆಯಲ್ಲಿ ಕರಗಿದೆಯೇ, ಸೋಗು ಹಾಕಿದೆಯೇ? ಚಿತ್ರದಲ್ಲಿ ಅದರ ಹಿಂದೆ ಮಬ್ಬಾದ ತಿಳಿಹಸಿರು ಬಿಟ್ಟರೆ ಏನೂ ಇಲ್ಲ, ಕೀಟ ಪೂರ್ತಿ ಎದ್ದು ಕಾಣುತ್ತಿದೆ. ಆದರೂ ನಿಮ್ಮಲ್ಲಿ ಹಲವರು ಅದನ್ನು ಮೊದಲು ಕಡ್ಡಿಯೆಂದೇ ತಿಳಿದಿರಿ. ಇದು ಸೋಗು. ಹೀಗೆ ಬಾಯಲ್ಲಿ ಹೇಳುವುದು ಸುಲಭ, ಪ್ರಯೋಗದಿಂದ ತೋರಿಸುವುದು ಕಷ್ಟವಾಗಿತ್ತು. ಏಕೆಂದರೆ ಹಕ್ಕಿಯೊಂದು ಕಡ್ಡಿಯಂಥ ಕೀಟವನ್ನು ತಿನ್ನದೆ ಹೋದರೆ, ಅದು ಕಾಣಲಿಲ್ಲವೋ ಅಥವಾ ಕಂಡೂ ಕಡ್ಡಿಯೆಂದು ಬಿಟ್ಟಿತೋ ಎಂದು ತಿಳಿಯುವುದು ಹೇಗೆ? ಬ್ರಿಟನ್ನಿನ ಜಾನ್ ಸ್ಕೆಲ್‌ಹಾರ್ನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗ ಈ ಗಂಟನ್ನು ಬಿಡಿಸಿದ ರೀತಿ ಚೆನ್ನಾಗಿದೆ, ಅದನ್ನು ಸಾವಧಾನವಾಗಿ ಹೇಳುತ್ತೇನೆ.

ಅವರು ಬಳಸಿದ್ದು ಕಡ್ಡಿ ಕೀಟವನ್ನಲ್ಲ, ಕಡ್ಡಿಯಂತೆಯೇ ಕಾಣುವ ಪತಂಗದ ಕಂಬಳಿಹುಳುಗಳನ್ನು. ಬೇಟೆಗಾರರಾಗಿ ಆರಿಸಿದ್ದು ಕೋಳಿಮರಿಗಳನ್ನು. ಕೋಳಿಮರಿಯ ಅನುಕೂಲವೆಂದರೆ, ಅದು ಹುಟ್ಟಿದಂದಿನಿಂದ ಏನನ್ನು ನೋಡಿದೆ, ಏನನ್ನು ನೋಡಿಲ್ಲ ಎಂಬುದು ಪ್ರಯೋಗ ಮಾಡುವವರ ಕೈಯಲ್ಲೇ ಇರುತ್ತದೆ. ಮರಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೊದಲೇ ಸಹಜವಾದ ಮರದ ಕೊಂಬೆಗಳನ್ನು ನೋಡಿ, ಕುಕ್ಕಿ, ಅವು ತಿನ್ನುವ ವಸ್ತುವಲ್ಲವೆಂದು ಕಲಿಯಲು ಬಿಟ್ಟರು. ಎರಡನೆಯ ಗುಂಪಿಗೆ ಅಂಥವೇ ಕೊಂಬೆಗಳನ್ನು ಕೊಟ್ಟರೂ ಅವುಗಳಿಗೆ ನೇರಳೆ ಬಣ್ಣದ ನೂಲನ್ನು ಸುತ್ತಿ ರೂಪ ಬದಲಿಸಿದ್ದರು. ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಆಮೇಲೆ ಎಲ್ಲ ಮರಿಗಳ ಎದುರು ಮರೆಯೇನೂ ಇಲ್ಲದ ಜಾಗದಲ್ಲಿ ಕಂಬಳಿಹುಳುವನ್ನು ಇಟ್ಟರು. ಸಹಜ ಕೊಂಬೆಯನ್ನು ಬಲ್ಲ ಮರಿಗಳು ಹುಳುವನ್ನು ಕುಕ್ಕಲು ಹೆಚ್ಚು ಹೊತ್ತು ತೆಗೆದುಕೊಂಡವು, ಕುಕ್ಕಿದಾಗಲೂ ಅಳುಕುತ್ತ ಕುಕ್ಕಿದವು. ಉಳಿದ ಎರಡು ಗುಂಪಿನವು ಅಷ್ಟು ಹಿಂಜರಿಯಲಿಲ್ಲ. ಹುಳು ಅದೇ, ಜಾಗ ಅದೇ, ಕಾಣುವಿಕೆಯೂ ಅದೇ. ಬೇರೆಯಾಗಿದ್ದದ್ದು ಮರಿಯ ಹಿಂದಿನ ಅನುಭವವೊಂದೇ. ಹಾಗಾದರೆ ಕೀಟವನ್ನು ಕಾಯುತ್ತಿರುವುದು ಅದು ಕಾಣದಿರುವುದಲ್ಲ, ಕಡ್ಡಿ ತಿನ್ನಲು ಬಾರದು ಎಂಬ ಹಕ್ಕಿಯ ಅರಿವು.

ಇದರಿಂದ ಹೊರಡುವ ಒಂದು ಮಿತಿಯನ್ನು ಗಮನಿಸಬೇಕು. ಸೋಗು ನಡೆಯಬೇಕಾದರೆ ಅಸಲು ವಸ್ತು ಹಕ್ಕಿಗೆ ಪರಿಚಿತವಾಗಿರಬೇಕು, ಕೀಟಗಳಿಗಿಂತ ಅಸಲಿ ಕಡ್ಡಿಗಳ ಸಂಖ್ಯೆ ಬಹಳ ಹೆಚ್ಚಿರಬೇಕು. ಒಂದೇ ಪೊದೆಯಲ್ಲಿ ಕಡ್ಡಿ ಕೀಟಗಳು ಕಿಕ್ಕಿರಿದು, ಹಕ್ಕಿ ಮುಟ್ಟಿದ ಕಡ್ಡಿಗಳಲ್ಲಿ ಹಲವು ಊಟವೇ ಆಗಿಬಿಟ್ಟರೆ, ಕಡ್ಡಿಗಳನ್ನು ಕುಕ್ಕಿ ನೋಡುವ ಅಭ್ಯಾಸ ಹಕ್ಕಿಗೆ ಬೇಗ ಹತ್ತುತ್ತದೆ.

ಅಲುಗಾಡದಿರುವುದೇ ಕಡ್ಡಿ ಕೀಟದ ಬಲವೆಂದೆ. ಆದರೆ ಗಾಳಿ ಬೀಸಿ ಸುತ್ತಲಿನ ಎಲೆ ಕಡ್ಡಿಗಳೆಲ್ಲ ತೂಗುವಾಗ ಇದೊಂದು ಮಾತ್ರ ಕಂಬದಂತೆ ನಿಂತರೆ ಅದೇ ಗುರುತಾಗಿಬಿಡಬಹುದು. ಹಲವು ಕಡ್ಡಿ ಕೀಟಗಳು ಗಾಳಿಯ ಹೊತ್ತಿನಲ್ಲಿ ಮೈಯನ್ನು ಎಡಬಲಕ್ಕೆ ತೂಗುತ್ತವೆ. ಆಸ್ಟ್ರೇಲಿಯಾದ ಮುಳ್ಳುಮೈಯ ಕಡ್ಡಿ ಕೀಟವೊಂದರ ತೂಗಾಟವನ್ನು ಅಳೆದು ನೋಡಿದ ಅಧ್ಯಯನ 2016ರಲ್ಲಿ ಪ್ರಕಟವಾಗಿದೆ. ಅದರ ತೂಗು ಗಾಳಿಗೆ ಅಲುಗುವ ಗಿಡಗಳ ಚಲನೆಯನ್ನು ಹೋಲುತ್ತದೆ ಎಂದು ಸಂಶೋಧಕರು ಕಂಡರು. ಸ್ಥಿರಚಿತ್ರದಲ್ಲಿ ಇದು ಹಿಡಿಯಲು ಬಾರದ ಸಂಗತಿ. ಗಾಳಿಯ ದಿನ ಕೀಟ ಸಿಕ್ಕರೆ ಫೋಟೊ ಮುಗಿಸಿ ಒಂದಿಷ್ಟು ವಿಡಿಯೊ ತೆಗೆಯಿರಿ.

ಮೂರನೆಯ ಚಿತ್ರ ಎಲೆಮಿಡತೆಯದು. ಸಾಮಾನ್ಯ ಮಿಡತೆಯಿಂದ ಇದನ್ನು ಬೇರ್ಪಡಿಸಲು ಮೀಸೆಯನ್ನು ನೋಡಿದರೆ ಸಾಕು: ಹುಲ್ಲುಮಿಡತೆಯ ಮೀಸೆ ಗಿಡ್ಡ, ಇದರದ್ದು ಕೂದಲಿನಷ್ಟು ತೆಳು, ಅನೇಕ ವೇಳೆ ಮೈಗಿಂತ ಉದ್ದ. ಪಶ್ಚಿಮಘಟ್ಟದ ಹಲಸಿನ ಮರಗಳಲ್ಲಿ ವಾಸಿಸುವ ಓನೊಮಾರ್ಕಸ್ ಯೂನಿನೊಟೇಟಸ್ ಎಂಬ ಪ್ರಭೇದವನ್ನು ನಾನು ಆರಿಸಿದ್ದೇನೆ. ಹಗಲಲ್ಲಿ ಎಲೆಗೆ ಮೈಯೊತ್ತಿ ಕೂತಾಗ ಮುಂರೆಕ್ಕೆಗಳೇ ಎಲೆ, ರೆಕ್ಕೆಯ ನರಗಳೇ ಎಲೆಯ ನರಗಳು. ಇದೇ ಬಳಗದಲ್ಲಿ ತೊಗಟೆಯನ್ನು ಅನುಕರಿಸುವವೂ ಇವೆ: ಭಾರತದಲ್ಲಿ ಸಾಮಾನ್ಯವಾದ ಸ್ಯಾಥ್ರೊಫಿಲಿಯ ರುಗೋಸ ಒರಟು ಬೂದು ಮೈಯ ಎಲೆಮಿಡತೆ, ಕಾಲು ಮೀಸೆಗಳನ್ನು ಮುಂದಕ್ಕೆ ಚಾಚಿ ಕೊಂಬೆಗೆ ಚಪ್ಪಟೆಯಾಗಿ ಮಲಗುತ್ತದೆ. ದಕ್ಷಿಣ ಅಮೆರಿಕದ ಕೆಲವು ಎಲೆಮಿಡತೆಗಳ ರೆಕ್ಕೆಯಂಚಿನಲ್ಲಿ ಹುಳು ಕಡಿದಂಥ ಕಚ್ಚುಗಳೂ ಮೇಲ್ಮೈಯಲ್ಲಿ ಬೂಷ್ಟು ಹತ್ತಿದಂಥ ಕಲೆಗಳೂ ಇರುವುದುಂಟು. ಆ ಚಿತ್ರಗಳನ್ನು ನೀವೆಲ್ಲ ನೋಡಿರುತ್ತೀರಿ, ಹಾಗಾಗಿ ಅಲ್ಲಿ ನಿಲ್ಲುವುದಿಲ್ಲ.

ಎಲೆಮಿಡತೆಯ ಚಿತ್ರ ನಮಗೆ ಹೇಳದೆ ಬಿಡುವ ದೊಡ್ಡ ಸಂಗತಿಯೆಂದರೆ ಸದ್ದು. ಇಷ್ಟು ಚೆನ್ನಾಗಿ ಅಡಗಿದ ಕೀಟ, ಕತ್ತಲಾದೊಡನೆ ರೆಕ್ಕೆಗೆ ರೆಕ್ಕೆ ತೀಡಿ ಇಡೀ ಮರ ಕೇಳುವಂತೆ ಕೂಗಲು ತೊಡಗುತ್ತದೆ. ಕೂಗುವುದು ಗಂಡು, ಹೆಣ್ಣನ್ನು ಕರೆಯಲು. ಹಗಲಿನ ಬೇಟೆಗಾರ ಹಕ್ಕಿಯ ಕಣ್ಣಿಗೆ ಮಾಡಿದ ಏರ್ಪಾಡೆಲ್ಲ ರಾತ್ರಿಯ ಬೇಟೆಗಾರ ಬಾವಲಿಯ ಕಿವಿಯೆದುರು ನಿರರ್ಥಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಮತ್ತು ಅವರ ವಿದ್ಯಾರ್ಥಿಗಳು ಕುದುರೆಮುಖ ಪ್ರದೇಶದ ಜೀರುಂಡೆ ಮತ್ತು ಎಲೆಮಿಡತೆಗಳ ಧ್ವನಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಹಲಸಿನ ಮರದ ಈ ಎಲೆಮಿಡತೆಯಲ್ಲಿ ಗಂಡು ಕೂಗಿದರೆ ಹೆಣ್ಣು ಬಾಯಿಲ್ಲದ ಉತ್ತರ ಕೊಡುತ್ತದೆ ಎಂದು ಅವರು ಕಂಡುಕೊಂಡರು: ಹೆಣ್ಣು ತನ್ನ ಮೈಯನ್ನು ಕಂಪಿಸಿ, ಆ ಕಂಪನವನ್ನು ಕೊಂಬೆಯ ಮೂಲಕ ಕಳುಹಿಸುತ್ತದೆ, ಗಂಡು ಅದರ ಜಾಡು ಹಿಡಿದು ಹೆಣ್ಣಿನ ಬಳಿಗೆ ಬರುತ್ತದೆ.

ಕೂಗುವ ಗಂಡೇ ಬಾವಲಿಗೆ ಹೆಚ್ಚು ಸಿಕ್ಕಿಬೀಳಬೇಕು, ಮೌನವಾಗಿರುವ ಹೆಣ್ಣು ಪಾರಾಗಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಕೀಟಗಳನ್ನು ಹಿಡಿದು ತಿನ್ನುವ ಒಂದು ಜಾತಿಯ ಬಾವಲಿ, ಸಿಕ್ಕಿದ ಎಲೆಮಿಡತೆಯನ್ನು ತನ್ನ ತಂಗುದಾಣಕ್ಕೆ ಒಯ್ದು ಮೈಯನ್ನು ತಿಂದು ರೆಕ್ಕೆಗಳನ್ನು ಕೆಳಗೆ ಉದುರಿಸುತ್ತದೆ. ಸಂಶೋಧಕರು ಆ ಅವಶೇಷಗಳನ್ನು ಪರಿಶೀಲಿಸಿದಾಗ ಹೆಣ್ಣುಗಳವೇ ಹೆಚ್ಚಾಗಿದ್ದವು. ದೊಡ್ಡ ಬಲೆಮನೆಯೊಳಗೆ ನಡೆಸಿದ ಪ್ರಯೋಗಗಳು ಕಾರಣವನ್ನು ತೋರಿಸಿದವು: ಕೂಗು ಬಾವಲಿಯನ್ನು ಸೆಳೆಯುತ್ತದೆ ನಿಜ, ಆದರೆ ಹಾರಾಟ ಅದಕ್ಕಿಂತ ಹೆಚ್ಚಾಗಿ ಸೆಳೆಯುತ್ತದೆ. ಕೂಗುವ ಗಂಡು ಎಲೆಗಳ ಮರೆಯಲ್ಲಿ ಕೂತಿರುತ್ತದೆ. ಬಯಲಿನಲ್ಲಿ ಹಾರುವ ಹೆಣ್ಣಿಗೆ ಆ ಮರೆಯಿಲ್ಲ. 2015ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಓದಿದ ಮೇಲೆ, ಎಲೆಯಂಥ ರೆಕ್ಕೆಯನ್ನು ಕುರಿತು ನಾವು ಆಡುವ ಹೊಗಳಿಕೆ ಅರ್ಧ ಮಾತು ಎಂದು ನನಗೆ ಅನಿಸಿದೆ. ರೆಕ್ಕೆ ಮಡಿಸಿ ಕೂತಿರುವಷ್ಟು ಹೊತ್ತು ಮಾತ್ರ ಅದು ಎಲೆ. ಬಿಚ್ಚಿದ ಗಳಿಗೆ ಅದು ಊಟ.

ನಾಲ್ಕನೆಯದು ಎಲೆ ಕೀಟ. ಮೂರನೆಯದಕ್ಕೂ ಇದಕ್ಕೂ ಹೆಸರಿನಲ್ಲಿ ಎಲೆಯಿದ್ದರೂ ನಂಟಿಲ್ಲ. ಎಲೆಮಿಡತೆ ಜೀರುಂಡೆಯ ಕಡೆಯದು, ಎಲೆ ಕೀಟ ಕಡ್ಡಿ ಕೀಟದ ಕುಟುಂಬದ ಹತ್ತಿರದ್ದು, ಸೂರ್ಯನ ಕುದುರೆಗಂತೂ ಜಿರಲೆಯೇ ಸಮೀಪದ ಬಂಧು. ಎಲೆಯಂತಾಗುವ ದಾರಿಯನ್ನು ಇವು ಬೇರೆಬೇರೆಯಾಗಿ ಹಿಡಿದವು. ಜರ್ಮನಿಯ ಮೆಸ್ಸೆಲ್ ಎಂಬಲ್ಲಿ ಸಿಕ್ಕ ಎಲೆ ಕೀಟದ ಪಳೆಯುಳಿಕೆ 4.7 ಕೋಟಿ ವರ್ಷ ಹಳೆಯದು. ಅದರ ರೂಪ ಇಂದಿನ ಗಂಡು ಎಲೆ ಕೀಟಗಳದ್ದನ್ನು ಬಹಳವಾಗಿ ಹೋಲುತ್ತದೆ.

ಚಿತ್ರದಲ್ಲಿರುವುದು ಹೆಣ್ಣು. ಬೆನ್ನಿನ ನಡುವೆ ಉದ್ದಕ್ಕೆ ಎಲೆಯ ನಡುನರದಂಥ ಗೆರೆ ಕಾಣುತ್ತಿದೆಯಲ್ಲವೇ? ಅದು ಯಾವ ನರವೂ ಅಲ್ಲ, ಎರಡು ಮುಂರೆಕ್ಕೆಗಳು ಅಂಚಿಗೆ ಅಂಚು ಕೂಡಿದ ಜಾಗ. ಎಡರೆಕ್ಕೆ ಅರ್ಧ ಎಲೆ, ಬಲರೆಕ್ಕೆ ಅರ್ಧ ಎಲೆ. ಎರಡು ಕೂಡಿದಾಗ ಒಂದು ಪೂರ್ಣ ಎಲೆ, ಕೂಡಿದ ಸಾಲಿನಿಂದ ಎರಡೂ ಬದಿಗೆ ಓರೆಯಾಗಿ ಹೊರಟ ಕವಲು ನರಗಳು. ಕಾಲಿನ ತೊಡೆಗಳು ಸಹ ಹಾಳೆಯಂತೆ ಅಗಲವಾಗಿ, ಅಂಚು ಹರಿದ ಕಿರಿಯ ಎಲೆಗಳಂತಿವೆ. ಹಾರಲು ಬೇಕಾದ ಹಿಂರೆಕ್ಕೆ ಹೆಣ್ಣಿನಲ್ಲಿ ಬಹುಮಟ್ಟಿಗೆ ಇಲ್ಲವಾಗಿದೆ. ಎಲೆಯಾಗಲು ಅದು ತೆತ್ತ ಬೆಲೆ ಅದು. ಗಂಡು ತೆಳ್ಳಗಿದ್ದು, ಪಾರದರ್ಶಕ ಹಿಂರೆಕ್ಕೆಗಳಿಂದ ಹಾರುತ್ತದೆ, ಮೀಸೆಯೂ ಉದ್ದ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಒಂದೇ ಪ್ರಭೇದವೆಂದು ಹೊಸಬರು ಒಪ್ಪುವುದಿಲ್ಲ.

ಮೊಟ್ಟೆಯೊಡೆದು ಬಂದ ಮರಿ ಹಸಿರಲ್ಲ, ಕೆಂಪುಗಂದು. ಮೊಟ್ಟೆ ಬಿದ್ದಿರುವುದು ನೆಲದ ತರಗೆಲೆಗಳ ನಡುವೆ, ಮರಿ ಅಲ್ಲಿಂದ ಚುರುಕಾಗಿ ಓಡಿ ಗಿಡ ಹತ್ತಬೇಕು. ಆ ಹೊತ್ತಿಗೆ ಹಸಿರು ಅದಕ್ಕೆ ಉಪಕಾರಿಯಲ್ಲ. ಎಲೆ ತಿನ್ನಲು ಆರಂಭಿಸಿದ ನಂತರವೇ ಅದು ಹಸಿರಾಗುತ್ತದೆ. ಸೀಬೆ ಎಲೆ ಕೊಟ್ಟು ಇವನ್ನು ಸಾಕುವವರು ಹೇಳುವ ಇನ್ನೊಂದು ಸಂಗತಿಯಿದೆ: ಸಣ್ಣ ಪೆಟ್ಟಿಗೆಯಲ್ಲಿ ಹೆಚ್ಚು ಕೀಟಗಳನ್ನು ಕೂಡಿಟ್ಟರೆ ಅವು ಒಂದರ ಅಂಚನ್ನು ಇನ್ನೊಂದು ಕಡಿಯುವುದುಂಟು. ಸೋಗು ಸ್ವಂತ ಬಳಗಕ್ಕೂ ತಾಗುತ್ತದೆ ಎಂದು ನಗುವಂತಿದ್ದರೂ, ಕಿಕ್ಕಿರಿಯುವಿಕೆಯೇ ಅದರ ಕಾರಣ.

ಪಶ್ಚಿಮಘಟ್ಟದಲ್ಲಿ ಎಲೆ ಕೀಟ ಅಪರೂಪಕ್ಕೆ ಕಣ್ಣಿಗೆ ಬೀಳುತ್ತದೆ. ಗಾಳಿಮಳೆಯ ಮರುದಿನ ಕೊಂಬೆಯೊಡನೆ ಉದುರಿ ಬಿದ್ದದ್ದು ಸಿಕ್ಕರೆ ಅದೃಷ್ಟ. ಹುಡುಕುವವರಿಗೆ ನನ್ನ ಸಲಹೆ, ಎಲೆಗಳನ್ನು ಮೇಲಿನಿಂದ ನೋಡುತ್ತ ಹೋಗಬೇಡಿ, ಬೆಳಕಿಗೆ ಎದುರಾಗಿ ಕೆಳಗಿನಿಂದ ನೋಡಿ. ಬಿಸಿಲು ಹಾಯುವಾಗ ಅಸಲಿ ಎಲೆ ಇಡಿಯಾಗಿ ಒಂದೇ ಸಮನೆ ಬೆಳಗುತ್ತದೆ. ಕೀಟದ ಅಂಚುಗಳಷ್ಟೇ ಬೆಳಗಿ ನಡುವೆ ಕರುಳು, ಮೊಟ್ಟೆಗಳಿರುವ ಭಾಗ ಕಪ್ಪಾಗಿ ಉಳಿಯುತ್ತದೆ. ಇನ್ನೊಂದು ಸುಳಿವು ಎಡಬಲಗಳ ಸಮತೆ. ಗಿಡದ ಎಲೆಗಳು ಅಂದಾಜಿಗೆ ಸಮವಿದ್ದರೂ ಒಂದು ಬದಿ ಹರಿದಿರುತ್ತದೆ, ಇನ್ನೊಂದು ಬದಿ ಸುರುಟಿರುತ್ತದೆ. ಎಡಗಡೆಯ ಕಚ್ಚು ಬಲಗಡೆಯೂ ಅದೇ ಎತ್ತರದಲ್ಲಿ ಕಂಡರೆ ಅಲ್ಲಿ ಪ್ರಾಣಿಯಿದೆ ಎಂದು ಅನುಮಾನಿಸಬಹುದು. ಕಡ್ಡಿ ಕೀಟಕ್ಕಾದರೆ ಹಗಲಿನ ಹುಡುಕಾಟ ವ್ಯರ್ಥ ಶ್ರಮ. ರಾತ್ರಿ ಮೇಯಲು ಹೊರಟಾಗ ಟಾರ್ಚಿನ ಬೆಳಕಿನಲ್ಲಿ ಸುಲಭವಾಗಿ ಸಿಗುತ್ತದೆ. ಸೂರ್ಯನ ಕುದುರೆಯನ್ನು ರಾತ್ರಿ ಕಂಡಾಗ ಅದರ ಕಣ್ಣು ಗಮನಿಸಿ: ಹಗಲಲ್ಲಿ ತಿಳಿಹಸಿರಾಗಿದ್ದು ನಮ್ಮನ್ನೇ ಹಿಂಬಾಲಿಸುವ ಕರಿಚುಕ್ಕೆಯೊಂದನ್ನು ಹೊತ್ತ ಕಣ್ಣು, ಇರುಳಲ್ಲಿ ಪೂರ್ತಿ ಕಪ್ಪಾಗಿರುತ್ತದೆ.

ಇನ್ನು ಚಿತ್ರಗಳನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಮಾತು. ಛಾಯಾಚಿತ್ರ ಎರಡು ವಿರುದ್ಧ ದಿಕ್ಕುಗಳಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. ಹಕ್ಕಿ ಕೊಂಬೆಯಿಂದ ಕೊಂಬೆಗೆ ನೆಗೆಯುತ್ತ, ತಲೆಯನ್ನು ಆಡಿಸುತ್ತ ನೋಡುತ್ತದೆ. ಹಾಗೆ ನೋಡುವಾಗ ಹತ್ತಿರದ ವಸ್ತು ದೂರದ್ದಕ್ಕಿಂತ ಬೇಗ ಸರಿದು, ತೊಗಟೆಯಿಂದ ಕೂದಲೆಳೆಯಷ್ಟು ಮೇಲಿರುವ ಮೈಯೂ ಬೇರೆಯಾಗಿ ಕಾಣಬಹುದು. ಚಿತ್ರದಲ್ಲಿ ಆಳವೆಲ್ಲ ಒಂದೇ ಮಟ್ಟಕ್ಕೆ ಬಂದಿರುವುದರಿಂದ ಕೀಟ ನಿಜಕ್ಕಿಂತ ಹೆಚ್ಚು ಚೆನ್ನಾಗಿ ಅಡಗುತ್ತದೆ. ಅದೇ ಸಮಯದಲ್ಲಿ, ಚೌಕಟ್ಟಿನೊಳಗೆ ಕೀಟ ಇದ್ದೇ ಇದೆ ಎಂದು ನೋಡುಗನಿಗೆ ಮೊದಲೇ ಗೊತ್ತು, ಹಿನ್ನೆಲೆ ಮಬ್ಬಾಗುವಂತೆ ಕೀಟವನ್ನಷ್ಟೇ ಸ್ಪಷ್ಟವಾಗಿ ಹಿಡಿದಿದ್ದರಂತೂ ಅಡಗುವ ಪ್ರಶ್ನೆಯೇ ಇಲ್ಲ. ಬಣ್ಣದ ವಿಷಯದಲ್ಲಿಯೂ ಎಚ್ಚರ ಬೇಕು. ನಮ್ಮ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಮೂರು ಬಗೆ, ಕ್ಯಾಮೆರಾ ಅದನ್ನೇ ಅನುಸರಿಸಿ ಮಾಡಿದ್ದು. ಹಕ್ಕಿಗಳಲ್ಲಿ ನಾಲ್ಕು ಬಗೆಯಿದ್ದು, ಅನೇಕ ಹಕ್ಕಿಗಳು ನಮಗೆ ಕಾಣದ ನೇರಳಾತೀತ ಬೆಳಕನ್ನೂ ಕಾಣುತ್ತವೆ. ಪರದೆಯ ಮೇಲೆ ಎಲೆಯೂ ಕೀಟವೂ ಒಂದೇ ಹಸಿರಾಗಿ ತೋರಿದರೆ, ಹಕ್ಕಿಗೂ ಹಾಗೆಯೇ ತೋರುತ್ತದೆ ಎಂದು ಆ ಚಿತ್ರದಿಂದಲೇ ತೀರ್ಮಾನಿಸುವಂತಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಛಾಯಾಗ್ರಾಹಕರೇ ಉಂಟುಮಾಡುವಂಥದ್ದು. ಚಂದದ ಚಿತ್ರಕ್ಕಾಗಿ ಕೀಟವನ್ನು ಕೈಯಲ್ಲಿ ಎತ್ತಿ ಬೇರೆ ಎಲೆಯ ಮೇಲಿಟ್ಟು ತೆಗೆಯುವ ಅಭ್ಯಾಸ ಹೆಚ್ಚಾಗಿದೆ. ಡಿ ಚೆಸ್ನೋಲಾ ದಾರದಿಂದ ಮಾಡಿದ್ದನ್ನೇ ನಾವು ಬೆರಳಿನಿಂದ ಮಾಡುತ್ತಿದ್ದೇವೆ, ಅವರು ಬರೆದಿಟ್ಟಂತೆ ಬರೆದಿಡುವುದನ್ನು ಮಾತ್ರ ಬಿಟ್ಟಿದ್ದೇವೆ. ಕೀಟ ತಾನೇ ಆರಿಸಿಕೊಂಡ ಜಾಗ, ಅದು ತಲೆ ಯಾವ ಕಡೆಗೆ ಮಾಡಿತ್ತು, ಎಲೆಯ ಮೇಲ್ಬದಿಯಲ್ಲಿತ್ತೋ ಕೆಳಬದಿಯಲ್ಲಿತ್ತೋ, ನೆಲದಿಂದ ಎಷ್ಟು ಎತ್ತರದಲ್ಲಿತ್ತು ಎಂಬುದೇ ಛದ್ಮವೇಷದ ಅರ್ಧ ಭಾಗ. ಆದ್ದರಿಂದ ಮುಟ್ಟುವ ಮೊದಲು, ನಿಂತಲ್ಲಿಂದಲೇ, ಕೀಟ ಚಿತ್ರದಲ್ಲಿ ಚುಕ್ಕೆಯಷ್ಟಾದರೂ ಸರಿ, ಇಡೀ ಗಿಡ ಕಾಣುವಂಥ ಒಂದು ಚಿತ್ರವನ್ನು ತೆಗೆಯಿರಿ, ನಂತರ ಹತ್ತಿರ ಹೋಗಿ. ಫ್ಲ್ಯಾಶ್ ಇಲ್ಲದೆ ಒಂದು, ಬದಿಬೆಳಕಿನಲ್ಲಿ ಇನ್ನೊಂದು ಇದ್ದರೆ ನೆರಳಿನ ಕಥೆಯೂ ದಾಖಲಾಗುತ್ತದೆ. ಕೀಟವನ್ನು ಸರಿಸಿ ತೆಗೆದ ಚಿತ್ರವಾದರೆ ಅಡಿಬರಹದಲ್ಲಿ ಹಾಗೆಂದು ತಿಳಿಸಿ. ಮುಂದೆ ಯಾರಾದರೂ ಆ ಚಿತ್ರಗಳಿಂದ ಯಾವ ಕೀಟ ಯಾವ ಗಿಡದಲ್ಲಿ ಕೂರುತ್ತದೆ ಎಂದು ಲೆಕ್ಕ ಹಾಕಲು ಹೊರಟರೆ, ಅಂಥವನ್ನು ಬದಿಗಿಡಲು ಅವರಿಗೆ ಅನುಕೂಲವಾಗುತ್ತದೆ.